ಕಿವಿ ಮಷಿನ್ ಜಾಹೀರಾತು: ಅಪ್ಪನಿಗೂ ಮಗಳಿಗೂ ಒಟ್ಟಿಗೆ ಬರೆಯುವುದು ಹೇಗೆ?

ಮಷಿನ್ ಹಾಕಿಕೊಳ್ಳುವುದು ಅಪ್ಪ, ವಿಚಾರಿಸಿ ದುಡ್ಡು ಕೊಡುವುದು ಹೆಚ್ಚಾಗಿ ಮಕ್ಕಳು. ಹಾಗಾಗಿ ಸ್ಕ್ರಿಪ್ಟ್ ಬರೆಯುವವರು 'ನಿಮ್ಮ ತಂದೆಗೆ ಕಿವಿ ಕೇಳುವುದಿಲ್ಲವೇ?' ಎಂದು ಶುರು ಮಾಡುತ್ತಾರೆ. ರೇಡಿಯೊ ಪಕ್ಕದಲ್ಲೇ ಕೂತ ಅಪ್ಪನಿಗೆ ಹೇಗಾಗಬೇಡ? 30 ಸೆಕೆಂಡಿನ ಒಂದು ರೇಡಿಯೊ ಜಾಹೀರಾತನ್ನು ಬೇರೆ ರೀತಿ ಬರೆದು ನೋಡೋಣ.

ಮೊದಲು ತೊಂದರೆಯನ್ನು ಸರಿಯಾಗಿ ತಿಳಿದುಕೊಳ್ಳಿ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಕೈಕೊಡುವುದು ತೀಕ್ಷ್ಣ ಸದ್ದುಗಳು. ಸ, ಶ ಥರದ ಅಕ್ಷರಗಳು ಜಾರಿಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಮಾತು ಕಿವಿಗೆ ಬೀಳುತ್ತದೆ, ಏನೆಂದು ಗೊತ್ತಾಗುವುದಿಲ್ಲ. 'ನನಗೆ ಕೇಳ್ಸುತ್ತೆ' ಎಂದು ಹಿರಿಯರು ಹಟ ಹಿಡಿಯುವುದು ಸುಮ್ನೆ ಅಲ್ಲ.

ಈಗ ಇಬ್ಬರಿಗೂ ನೋವಾಗುವ ಒಂದು ಗಳಿಗೆ ಆರಿಸಿ. ಫೋನಿನಲ್ಲಿ ಮಾತು ನಡೆದಿದೆ:

ಮಗಳು: ಅಪ್ಪಾ, ನಿಮಗೊಂದು ಶಾಲು ತಂದಿದ್ದೀನಿ.
ಅಪ್ಪ: ಹಾಲಾ? ಆಗ್ಲೇ ಬಂತಮ್ಮ.
ಮಗಳು: (ಜೋರಾಗಿ) ಶಾಲು ಅಪ್ಪಾ, ಶಾಲು! ...ಹೋಗ್ಲಿ, ಏನಿಲ್ಲ ಬಿಡಿ.
ಅಪ್ಪ: ಬಿಡ್ಬೇಡ. ಸದ್ದು ಕೇಳ್ಸುತ್ತೆ, ಮಾತು ಗೊತ್ತಾಗಲ್ಲ ಅಷ್ಟೆ. ನಾಳೆ ಕಿವಿ ಪರೀಕ್ಷೆ ಮಾಡಿಸ್ಕೊಳ್ತೀನಿ.
ಮಗಳು: ನಾನೂ ಬರ್ತೀನಪ್ಪಾ.

ಹಾಲು–ಶಾಲು ನಗಿಸುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಅದು ಅಪ್ಪನನ್ನು ಆಡಿಕೊಂಡಂತೆ. ಜಾಹೀರಾತಿನ ಜೀವ ಇರುವುದು 'ಏನಿಲ್ಲ ಬಿಡಿ'ಯಲ್ಲಿ. ಎಷ್ಟೋ ಮಕ್ಕಳು ಹಾಗೆ ಹೇಳಿರುತ್ತಾರೆ, ಎಷ್ಟೋ ಹಿರಿಯರು ಅದನ್ನು ಕೇಳಿ ಸುಮ್ಮನಾಗಿರುತ್ತಾರೆ. ನಿರ್ಧಾರದ ಮಾತು ಮಾತ್ರ ಅಪ್ಪನ ಬಾಯಲ್ಲೇ ಬರಬೇಕು. ಮಗಳ ಕೆಲಸ ಜೊತೆಗೆ ಹೋಗುವುದು.

ಕೊನೆಗೆ ನಿರೂಪಕರ ಮಾತು: 'ಪರೀಕ್ಷೆ ಮಾಡಿಸಿ. ಹಾಕಿ ನೋಡಿ. ಆಮೇಲೆ ತೀರ್ಮಾನಿಸಿ.' ಮುಂಚಿನಂತೆಯೇ ಕೇಳಿಸುತ್ತದೆ ಎಂಬ ಭರವಸೆ ಬೇಡ. ಹೊಸ ಸದ್ದಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕಾಗಬಹುದು, ಗದ್ದಲದಲ್ಲಿ ಆಗಲೂ ಕಷ್ಟವೇ. ಜಾಸ್ತಿ ಆಸೆ ಹುಟ್ಟಿಸಿದರೆ ಮಷಿನ್ ಡ್ರಾಯರ್ ಸೇರುತ್ತದೆ, ಮನೆಯಲ್ಲಿ ಜಗಳ ಬೇರೆ.

ರೆಕಾರ್ಡಿಂಗ್‌ನಲ್ಲಿ ಮಾತಿನ ಹಿಂದೆ ಸಂಗೀತ ಹಾಕಬೇಡಿ, ಅದು ಉಳಿದ ಅಕ್ಷರಗಳನ್ನೂ ನುಂಗುತ್ತದೆ. ಬೇಕಿದ್ದರೆ ಮಾತು ಮುಗಿದ ಮೇಲಿರಲಿ. ನಿರೂಪಕರ ದನಿ ಕೀರಲಾಗಿರದೆ ನಿಧಾನವಾಗಿರಲಿ. ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ, ಎರಡು ಸಲ ಓದಿಸಿ. ಇಷ್ಟಕ್ಕೆ ಸಮಯ ಸಾಲದಿದ್ದರೆ ಸಂಭಾಷಣೆ ಕತ್ತರಿಸಿ, ಓದನ್ನು ಓಡಿಸಬೇಡಿ.

ಪ್ರಸಾರಕ್ಕೆ ಮುಂಚೆ ಎರಡು ಪರೀಕ್ಷೆ ಮಾಡಿ. ಅಪ್ಪನ ಸಾಲುಗಳ ಮೇಲೆ ಕೈ ಮುಚ್ಚಿ ಓದಿ. ಕಥೆ ಆಗಲೂ ನಡೆದರೆ ನೀವು ಬರೆದಿರುವುದು ಮಕ್ಕಳಿಗೆ ಮಾತ್ರ. ಆಮೇಲೆ ಕಿವಿ ಮಂದವಾದ ಹಿರಿಯರೊಬ್ಬರಿಗೆ ಸಾಧಾರಣ ರೇಡಿಯೊ ಅಥವಾ ಮೊಬೈಲಿನಲ್ಲಿ ಕೇಳಿಸಿ, ನಂಬರ್ ಬರೆದುಕೊಳ್ಳಲು ಹೇಳಿ. ಒಂದು ಅಂಕಿ ತಪ್ಪಿದರೂ ಮತ್ತೆ ರೆಕಾರ್ಡ್ ಮಾಡಿ.