900 ಚದರ ಅಡಿ ತಾರಸಿಗೆ ಎಷ್ಟು ಲೀಟರ್ ಬೇಕು: ಕಾರವಾರದ ಒಂದು ಮನೆಯ ಲೆಕ್ಕ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳ ತಾರಸಿಗೆ ವಾಟರ್‌ಪ್ರೂಫಿಂಗ್ ಲೇಪ ಹಾಕಿಸುವ ಕೆಲಸದಲ್ಲಿ ನಾನು ಬಹುಕಾಲದಿಂದ ಇದ್ದೇನೆ. ಮನೆಯವರು ಮೊದಲು ಕೇಳುವುದು ಎಷ್ಟು ಡಬ್ಬ ತರಬೇಕು ಎಂದು. ಈ ಪ್ರಶ್ನೆಗೆ ತಾರಸಿಯ ಉದ್ದ, ಅಗಲ ಮತ್ತು ಡಬ್ಬದ ಮೇಲಿನ ಒಂದು ಸಂಖ್ಯೆಯನ್ನಷ್ಟೇ ನೋಡಿ ಉತ್ತರ ಹೇಳಿದರೆ, ನಮ್ಮ ಕರಾವಳಿಯ ಹಳೆಯ ತಾರಸಿಗಳಲ್ಲಿ ಆ ಉತ್ತರ ಸಾಮಾನ್ಯವಾಗಿ ಕಡಿಮೆಯೇ ಬೀಳುತ್ತದೆ. ಅದಕ್ಕಾಗಿ ನಾನು ಪ್ರತಿ ಕೋಟ್‌ನ ಲೆಕ್ಕವನ್ನು ಬೇರೆಬೇರೆಯಾಗಿ, ಅದೇ ತಾರಸಿಯ ಮೇಲೆ ಅಳೆದು ನೋಡಿದ ಪ್ರಮಾಣದಿಂದ ಮಾಡುತ್ತೇನೆ. ಕಾರವಾರದ ಕೋಡಿಬಾಗದ ಒಂದು ಮನೆಯಲ್ಲಿ ಇದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಬಳಸಿದ್ದು ನೀರಿನಲ್ಲಿ ತೆಳುವಾಗುವ, ಒಣಗಿದ ಮೇಲೆ ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್ ಲೇಪ.

ಮೊದಲು ವಿಸ್ತೀರ್ಣ. ಪ್ಯಾರಪೆಟ್‌ನ ಒಳಬದಿಯಿಂದ ಅಳೆದಾಗ ತಾರಸಿ 32 ಅಡಿ ಉದ್ದ, 24 ಅಡಿ ಅಗಲ, ಅಂದರೆ 768 ಚದರ ಅಡಿ ಇತ್ತು. ಒಂದು ಮೂಲೆಯಲ್ಲಿ 12 ಅಡಿಗೆ 8 ಅಡಿಯ ಮೆಟ್ಟಿಲಿನ ಕೋಣೆ ಇದ್ದುದರಿಂದ ಅದರ 96 ಚದರ ಅಡಿಯನ್ನು ಕಳೆದರೆ ನೆಲ 672 ಚದರ ಅಡಿ ಉಳಿಯಿತು. ಆದರೆ ನೀರು ಒಳಗಿಳಿಯುವುದು ನೆಲದ ನಡುಭಾಗಕ್ಕಿಂತ ಹೆಚ್ಚಾಗಿ ನೆಲ ಮತ್ತು ಗೋಡೆ ಕೂಡುವ ಮೂಲೆಯಲ್ಲಿ. ಆದ್ದರಿಂದ ಲೇಪವನ್ನು ಗೋಡೆಯ ಮೇಲೆ ಕನಿಷ್ಠ ಒಂದು ಅಡಿ ಎತ್ತರಕ್ಕೆ ಹತ್ತಿಸಲೇಬೇಕು. ಕೋಣೆ ಮೂಲೆಯಲ್ಲಿ ಇದ್ದರೆ ಒಳಸುತ್ತಳತೆ ಬದಲಾಗುವುದಿಲ್ಲ, ಏಕೆಂದರೆ ಅಲ್ಲಿ ಪ್ಯಾರಪೆಟ್ ಎಷ್ಟು ಅಡಿ ಕಡಿಮೆಯಾಯಿತೋ ಅಷ್ಟೇ ಅಡಿ ಕೋಣೆಯ ಗೋಡೆ ಸೇರಿಕೊಳ್ಳುತ್ತದೆ. ಹೀಗೆ 112 ಅಡಿ ಸುತ್ತಳತೆಗೆ 112 ಚದರ ಅಡಿ ಬಂತು. ನೀರಿನ ಟ್ಯಾಂಕ್ ನಿಂತಿದ್ದ ನಾಲ್ಕು ಗಿಡ್ಡ ಕಂಬಗಳು ತಲಾ 9 ಇಂಚು ಚೌಕವಾಗಿದ್ದವು. ಅವುಗಳ ಬುಡಕ್ಕೆ 12 ಚದರ ಅಡಿ. ಮೆಟ್ಟಿಲಿನ ಕೋಣೆಯ ಮೇಲ್ಛಾವಣಿಯೂ ಸೋರುತ್ತಿದ್ದುದರಿಂದ ಅದರ 96 ಚದರ ಅಡಿಯನ್ನು ಸೇರಿಸಿದೆ. ಒಟ್ಟು 892, ಪೈಪುಗಳ ಬುಡ ಮತ್ತು ನೀರು ಹೊರಹೋಗುವ ಕಿಂಡಿಗಳನ್ನು ಹಿಡಿದು 900 ಚದರ ಅಡಿ ಎಂದು ಬರೆದುಕೊಂಡೆ. ಮನೆಯವರು ತಮ್ಮ ನಕ್ಷೆ ನೋಡಿ ಹೇಳಿದ್ದು 768. ಬರಿಯ ಉದ್ದ ಅಗಲಗಳ ಗುಣಾಕಾರ ಎಷ್ಟು ಹಿಂದೆ ಉಳಿಯುತ್ತದೆ ಎಂಬುದು ಇಲ್ಲೇ ಕಾಣುತ್ತದೆ.

ಇನ್ನು ಡಬ್ಬದ ಮೇಲಿನ ಸಂಖ್ಯೆ. ಆ ಲೇಪದ ಡಬ್ಬದ ಮೇಲೆ ಎರಡು ಕೋಟ್‌ಗೆ ಲೀಟರಿಗೆ 25ರಿಂದ 30 ಚದರ ಅಡಿ ಎಂದು ಬರೆದಿತ್ತು. ಇದರ ಅರ್ಥ, ಒಂದು ಲೀಟರ್ ಲೇಪವು 25 ಚದರ ಅಡಿ ಜಾಗಕ್ಕೆ ಎರಡೂ ಕೋಟ್‌ಗಳನ್ನು ಮುಗಿಸಿಕೊಡುತ್ತದೆ. ಹಾಗಾಗಿ ಒಂದೇ ಕೋಟ್‌ಗೆ ನೋಡಿದರೆ ಲೀಟರಿಗೆ ಸುಮಾರು 50 ಚದರ ಅಡಿ. ಇದನ್ನು ಒಂದು ಕೋಟ್‌ನ ಪ್ರಮಾಣ ಎಂದು ಓದಿಕೊಂಡು ಮತ್ತೆ ಎರಡರಿಂದ ಗುಣಿಸಿದರೆ 900 ಚದರ ಅಡಿಗೆ 36 ಲೀಟರಿನ ಬದಲು 72 ಲೀಟರ್ ಬರುತ್ತದೆ. ಇದಕ್ಕಿಂತ ಹಾನಿಕರವಾದದ್ದು ಇದರ ವಿರುದ್ಧದ ಓದು: ಬೇರೆ ಕೆಲವು ಡಬ್ಬಗಳಲ್ಲಿ ಒಂದು ಕೋಟ್‌ಗೆ ಲೀಟರಿಗೆ 50 ಎಂದು ಬರೆದಿರುತ್ತದೆ, ಅದನ್ನೇ ಇಡೀ ಕೆಲಸದ ಪ್ರಮಾಣ ಎಂದು ತಿಳಿದವರು 18 ಲೀಟರ್ ತಂದು, ಅದಕ್ಕೆ ನೀರು ಬೆರೆಸಿ ಎರಡು ಕೋಟ್ ಎಳೆಸಿಬಿಡುತ್ತಾರೆ. ನೋಡಲು ತಾರಸಿ ಬೆಳ್ಳಗೆ ಕಾಣುತ್ತದೆ, ಆದರೆ ಇರಬೇಕಾದ ದಪ್ಪದ ಅರ್ಧ ಮಾತ್ರ ಇರುತ್ತದೆ. ಡಬ್ಬವನ್ನು ಕಿಲೋ ಲೆಕ್ಕದಲ್ಲಿ ಮಾರುವುದಾದರೆ ಇನ್ನೊಂದು ಎಚ್ಚರ ಬೇಕು. ಇಂಥ ಲೇಪ ನೀರಿಗಿಂತ ಭಾರವಾಗಿದ್ದು, ಲೀಟರಿಗೆ 1.3 ಕಿಲೋ ತೂಗುವ ಲೇಪವಾದರೆ 20 ಕಿಲೋ ಡಬ್ಬದಲ್ಲಿ ಇರುವುದು ಸುಮಾರು ಹದಿನೈದೂವರೆ ಲೀಟರ್ ಮಾತ್ರ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ನೋಡಿ ನಾನು ಮೂರು ಕೋಟ್ ನಿರ್ಧರಿಸಿದ್ದೆ. ಡಬ್ಬದ ಪ್ರಮಾಣದಂತೆ 900ನ್ನು 3ರಿಂದ ಗುಣಿಸಿ 50ರಿಂದ ಭಾಗಿಸಿದರೆ 54 ಲೀಟರ್. ಈ 54ನ್ನು ನಾನು ನಂಬುವುದಿಲ್ಲ, ಏಕೆಂದರೆ ಆ ಸಂಖ್ಯೆ ನಯವಾದ, ಹೆಚ್ಚು ಹೀರಿಕೊಳ್ಳದ ಮೇಲ್ಮೈಗೆ ಹೊಂದುವಂಥದ್ದು. ಹಲವು ಮಳೆಗಾಲ ಕಂಡ ತಾರಸಿಯ ಗಾರೆಯಲ್ಲಿ ಸಿಮೆಂಟ್ ಸವೆದು ಮರಳಿನ ಕಾಳು ಮೇಲೆದ್ದಿರುತ್ತದೆ, ಪಾಚಿಯನ್ನು ತಂತಿ ಬ್ರಶ್‌ನಿಂದ ಉಜ್ಜಿ ತೆಗೆದ ಮೇಲೆ ಆ ಒರಟು ಇನ್ನೂ ಹೆಚ್ಚುತ್ತದೆ. ಮೊದಲ ಕೋಟ್‌ನ ಒಂದು ಪಾಲು ಆ ತಗ್ಗುಗಳನ್ನು ತುಂಬುವುದಕ್ಕೇ ಹೋಗುತ್ತದೆ, ಮೇಲೆದ್ದ ಕಾಳುಗಳ ತಲೆಯ ಮೇಲೆ ತೆಳುವಾದ ಪದರ ಮಾತ್ರ ಉಳಿಯುತ್ತದೆ. ಲೇಪ ಮೊದಲು ಸವೆದು ಬಿಟ್ಟುಕೊಳ್ಳುವುದೂ ಆ ತಲೆಗಳ ಮೇಲೆಯೇ.

ಆದ್ದರಿಂದ ಖರೀದಿಗೆ ಮುನ್ನ ನಾನು ಒಂದು ಚಿಕ್ಕ ಡಬ್ಬ ತಂದು, ತಾರಸಿಯ ಅತ್ಯಂತ ಒರಟು ಭಾಗ, ಸಾಧಾರಣ ಭಾಗ ಮತ್ತು ಪ್ಯಾರಪೆಟ್‌ನ ಬುಡ, ಈ ಮೂರು ಕಡೆ ಸೀಮೆಸುಣ್ಣದಿಂದ ಚೌಕ ಗುರುತು ಮಾಡಿ ಪರೀಕ್ಷಿಸುತ್ತೇನೆ. ಅಳತೆಯ ಮಗ್‌ನಲ್ಲಿ ಅರ್ಧ ಲೀಟರ್ ಹಿಡಿದು, ಕೆಲಸದ ದಿನ ಹಚ್ಚುವ ಬಣ್ಣದ ಮೇಸ್ತ್ರಿಯ ಕೈಯಿಂದಲೇ, ಅವರದೇ ಬ್ರಶ್‌ನಿಂದ ಹಚ್ಚಿಸಿ, ಅದು ಎಷ್ಟು ಚದರ ಅಡಿಗೆ ಮುಗಿಯಿತು ಎಂದು ಅಳೆಯುತ್ತೇನೆ. ಒಣಗಿದ ಮೇಲೆ ಅದೇ ಜಾಗದಲ್ಲಿ ಎರಡನೆಯ, ಮೂರನೆಯ ಕೋಟ್‌ಗೂ ಹೀಗೆಯೇ. ಕೋಡಿಬಾಗದ ಆ ತಾರಸಿಯಲ್ಲಿ ಸರಾಸರಿ ನೋಡಿದಾಗ ಒಂದು ಲೀಟರ್ ಮೊದಲ ಕೋಟ್‌ಗೆ 36, ಎರಡನೆಯದಕ್ಕೆ 48, ಮೂರನೆಯದಕ್ಕೆ 50 ಚದರ ಅಡಿ ಬಂತು. ಡಬ್ಬದ ಸಂಖ್ಯೆ ಸುಳ್ಳಲ್ಲ, ಅದು ಮೂರನೆಯ ಕೋಟ್‌ಗೆ ಬರುವ ಹೊತ್ತಿಗೆ ನಿಜವಾಗುತ್ತದೆ.

ಈ ಪರೀಕ್ಷೆಯನ್ನು ತಾರಸಿ ಪೂರ್ತಿ ಉಜ್ಜಿ, ತೊಳೆದು, ಒಣಗಿದ ಮೇಲೆಯೇ ಮಾಡಬೇಕು. ಒಳಗೆ ತೇವ ಉಳಿದಿದ್ದರೆ ರಂಧ್ರಗಳಲ್ಲಿ ನೀರೇ ತುಂಬಿರುವುದರಿಂದ ಲೇಪ ಹೆಚ್ಚು ದೂರ ಹರಡಿ, ಪ್ರಮಾಣ ಚೆನ್ನಾಗಿದೆ ಎಂಬ ತಪ್ಪು ಲೆಕ್ಕ ಸಿಗುತ್ತದೆ. ಅಂಥ ಕಡೆ ಲೇಪ ಮುಂದೆ ಗುಳ್ಳೆಯಾಗಿ ಏಳುತ್ತದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೆಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯುತ್ತೇನೆ. ಕಡಲ ಬದಿಯ ಮನೆಗಳಲ್ಲಿ ಫೆಬ್ರವರಿ, ಮಾರ್ಚ್‌ನಲ್ಲೂ ಈ ಹಾಳೆ ಹಲವು ಬಾರಿ ನನ್ನನ್ನು ಕಾಯಿಸಿದೆ.

ಈಗ ಲೆಕ್ಕ ಸುಲಭ. ಮೊದಲ ಕೋಟ್‌ಗೆ 900ನ್ನು 36ರಿಂದ ಭಾಗಿಸಿದರೆ 25 ಲೀಟರ್, ಎರಡನೆಯದಕ್ಕೆ 18.75, ಮೂರನೆಯದಕ್ಕೆ 18, ಒಟ್ಟು 61.75 ಲೀಟರ್. ಇದಲ್ಲದೆ ಈ ಲೇಪಕ್ಕೆ ತಯಾರಕರು ಹೇಳಿದ ಪ್ರೈಮರ್ ಎಂದರೆ ಅದೇ ಲೇಪಕ್ಕೆ ಸಮ ಪ್ರಮಾಣದ ನೀರು ಬೆರೆಸಿದ್ದು. ಆ ಮಿಶ್ರಣ ಲೀಟರಿಗೆ 60 ಚದರ ಅಡಿ ಹರಡಿದ್ದರಿಂದ 15 ಲೀಟರ್ ಮಿಶ್ರಣ, ಅಂದರೆ ಏಳೂವರೆ ಲೀಟರ್ ಲೇಪ ಬೇಕಾಯಿತು. ಪ್ರೈಮರನ್ನು ಮೂರು ಕೋಟ್‌ಗಳಲ್ಲಿ ಒಂದಾಗಿ ಎಣಿಸಬಾರದು. ಅದು ಗಾರೆಯೊಳಗೆ ಇಳಿದು ಹಿಡಿತ ಕೊಡುವುದಕ್ಕೆ ಇರುವುದೇ ಹೊರತು ದಪ್ಪ ಕೊಡುವುದಕ್ಕಲ್ಲ. ನೆಲ ಮತ್ತು ಗೋಡೆ ಕೂಡುವ ಮೂಲೆಯಲ್ಲಿ ಅರ್ಧ ಅಡಿ ಅಗಲದ ಫೈಬರ್ ಜಾಲರಿಯ ಪಟ್ಟಿಯನ್ನು ಲೇಪದಲ್ಲಿ ಕೂರಿಸಿದ್ದೆವು. 112 ಅಡಿ ಉದ್ದಕ್ಕೆ ಅದು 56 ಚದರ ಅಡಿ, ಜಾಲರಿ ಮುಚ್ಚುವಷ್ಟು ಹಚ್ಚಲು ಲೀಟರಿಗೆ 25ರಂತೆ ಸುಮಾರು ಎರಡೂಕಾಲು ಲೀಟರ್. ಮೂರನ್ನೂ ಕೂಡಿಸಿದರೆ 71.5, ಬಕೆಟ್, ಬ್ರಶ್, ರೋಲರ್‌ಗಳಲ್ಲಿ ಉಳಿಯುವುದಕ್ಕೆ ನೂರಕ್ಕೆ 5ರಷ್ಟು ಸೇರಿಸಿದರೆ 75 ಲೀಟರ್. ಹೀಗಾಗಿ 20 ಲೀಟರಿನ ಮೂರು ಡಬ್ಬ, 10, 4 ಮತ್ತು 1 ಲೀಟರಿನ ಒಂದೊಂದು ಡಬ್ಬ ತರಿಸಿದೆವು.

ಲೆಕ್ಕ ಸರಿಯಿದೆಯೇ ಎಂದು ದಪ್ಪದಿಂದಲೂ ನೋಡಿಕೊಳ್ಳುವುದು ನನ್ನ ರೂಢಿ. ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಹರಡಿದರೆ ಹಸಿ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. 900 ಚದರ ಅಡಿ ಎಂದರೆ ಸುಮಾರು 84 ಚದರ ಮೀಟರ್. ಅದರ ಮೇಲೆ ಮೂರು ಕೋಟ್‌ಗಳ 62 ಲೀಟರ್ ಎಂದರೆ ಹಸಿ ದಪ್ಪ ಮುಕ್ಕಾಲು ಮಿಲಿಮೀಟರಿಗೆ ಹತ್ತಿರ. ಈ ಲೇಪದ ಮಾಹಿತಿ ಪತ್ರದ ಪ್ರಕಾರ ಘನಾಂಶ ಗಾತ್ರದಲ್ಲಿ ಅರ್ಧದಷ್ಟು ಇದ್ದುದರಿಂದ, ಒಣಗಿದ ಮೇಲೆ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಅದರಲ್ಲಿ ಒಂದಿಷ್ಟು ತಗ್ಗುಗಳಲ್ಲೇ ಇರುತ್ತದೆ.

ಇಷ್ಟು ಲೆಕ್ಕ ಹಾಕಿಯೂ ಕೆಲಸದ ಹೊತ್ತಿನಲ್ಲಿ ಕೈ ಬಿಟ್ಟರೆ ಪ್ರಯೋಜನವಿಲ್ಲ. ಬಿಸಿಲೇರಿದಾಗ ಬ್ರಶ್ ಎಳೆಯಲು ಕಷ್ಟವಾಗುತ್ತದೆ, ಆಗ ಯಾರೂ ಕೇಳದೆ ಬಕೆಟ್ಟಿಗೆ ನೀರು ಬೀಳುತ್ತದೆ. ಅದಕ್ಕಾಗಿ ನಾನು ಬೆಳಿಗ್ಗೆ ಮತ್ತು ಸಂಜೆ ನಾಲ್ಕರ ನಂತರ ಮಾತ್ರ ಹಚ್ಚಿಸುತ್ತೇನೆ, ತಾರಸಿಯನ್ನು ಸೀಮೆಸುಣ್ಣದಿಂದ ಭಾಗ ಮಾಡಿ ಪ್ರತಿ ಭಾಗಕ್ಕೂ ಅದರ ಪಾಲಿನ ಲೇಪವನ್ನು ಅಳೆದು ಕೊಡುತ್ತೇನೆ. ಮೊದಲ ಕೋಟ್‌ನಲ್ಲಿ 180 ಚದರ ಅಡಿಯ ಭಾಗಕ್ಕೆ 5 ಲೀಟರ್. ಭಾಗ ಮುಗಿದೂ ಒಂದು ಲೀಟರ್ ಉಳಿದರೆ ಅದನ್ನು ಉಳಿತಾಯ ಎಂದು ತೆಗೆದಿಡದೆ, ಅದೇ ಭಾಗದ ಮೇಲೆ ಹಸಿಯಿರುವಾಗಲೇ ಹಚ್ಚಿಸುತ್ತೇನೆ. ಒಂದು ಭಾಗಕ್ಕೆ ಲೇಪ ಸಾಲದೆ ಬಂದರೆ ಅಲ್ಲಿ ಗಾರೆ ಸಡಿಲವಾಗಿದೆಯೇ, ಕೂದಲೆಳೆ ಬಿರುಕಿದೆಯೇ ಎಂದು ನೋಡುತ್ತೇನೆ. ಮಳೆನೀರು ನಿಲ್ಲುವ ತಗ್ಗುಗಳಿಗೆ ಮಾತ್ರ ಎಷ್ಟು ಲೀಟರ್ ಹೆಚ್ಚಿಸಿದರೂ ಸಾಲದು, ಏಕೆಂದರೆ ಅಕ್ರಿಲಿಕ್ ಲೇಪ ದಿನಗಟ್ಟಲೆ ನಿಂತ ನೀರಿನಲ್ಲಿ ಮೆತ್ತಗಾಗುತ್ತದೆ. ಅಂಥ ಕಡೆ ಲೇಪಕ್ಕೆ ಮೊದಲೇ ಗಾರೆ ಹಾಕಿ ಇಳಿಜಾರು ಸರಿಮಾಡಿಸಬೇಕು, ಇಲ್ಲಿಯೂ ಹಾಗೆ ಮಾಡಿಸಿದ್ದೆ.

ಕೆಲಸ ಮುಗಿದಾಗ ಪ್ರೈಮರಿಗೆ 8, ಜಾಲರಿಗೆ ಎರಡೂವರೆ, ಮೂರು ಕೋಟ್‌ಗಳಿಗೆ ಕ್ರಮವಾಗಿ 25.5, 18.5, 17.5 ಲೀಟರ್, ಒಟ್ಟು 72 ಲೀಟರ್ ಖರ್ಚಾಗಿತ್ತು. ಉಳಿದ ಮೂರು ಲೀಟರನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಮನೆಯವರಿಗೇ ಬಿಟ್ಟು, ಡಬ್ಬದ ಮೇಲೆ ದಿನಾಂಕವನ್ನೂ ಕೋಟ್‌ವಾರು ಖರ್ಚನ್ನೂ ಬರೆದಿಟ್ಟೆ. ಸೋಲಾರ್ ಹೀಟರ್ ಕೂರಿಸುವವರು ಬೋಲ್ಟ್‌ಗಾಗಿ ನೆಲ ಕೊರೆಯುವುದು ಇನ್ನೂ ಬಾಕಿಯಿತ್ತು. ಅವರು ಕೊರೆದ ದಿನವೇ ಆ ತೂತುಗಳ ಸುತ್ತ ಹಚ್ಚಲು ಅದು ಬೇಕಾಗುತ್ತದೆ.