‘ಕಾರ್ಮಿಕನ ಅಜಾಗರೂಕತೆ’ ಮೂಲ ಕಾರಣವಲ್ಲ: ಅಪಘಾತ ವರದಿ ಬರೆಯುವುದು ಹೀಗೆ

ಅಪಘಾತ ವರದಿಯಲ್ಲಿ ‘ಮೂಲ ಕಾರಣ’ ಎಂಬ ಜಾಗ ಬಂದ ಕೂಡಲೇ ಅನೇಕರು ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದುಬಿಡುತ್ತಾರೆ. ಪಕ್ಕದಲ್ಲೇ ಪರಿಹಾರ: ‘ತಿಳಿವಳಿಕೆ ನೀಡಲಾಗಿದೆ’. ಯಂತ್ರ ಮಾತ್ರ ಇದ್ದ ಹಾಗೇ ಇರುತ್ತದೆ. ಮುಂದಿನ ಪಾಳಿಯಲ್ಲಿ ಅದೇ ಜಾಗದಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ.

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು, ಅಂದರೆ ಬಗಾಸನ್ನು, ಬಾಯ್ಲರಿಗೆ ಸಾಗಿಸುವ ಕನ್ವೇಯರಿನ ಹತ್ತಿರ ಹೀಗಾಯಿತು ಎಂದುಕೊಳ್ಳೋಣ.

ಮೊದಲು ಘಟನೆಯನ್ನು ಯಾರ ತಪ್ಪೆಂದೂ ಹೇಳದೆ ಬರೆಯಿರಿ: ‘ರಾತ್ರಿ ಪಾಳಿಯಲ್ಲಿ, ಓಡುತ್ತಿದ್ದ ಬಗಾಸ್ ಕನ್ವೇಯರಿನ ಹಿಂತುದಿಯ ಟೇಲ್ ಪುಲ್ಲಿಗೂ ಬೆಲ್ಟಿಗೂ ನಡುವೆ ಸಿಕ್ಕಿ ಗುತ್ತಿಗೆ ಕಾರ್ಮಿಕರೊಬ್ಬರ ಎರಡು ಬೆರಳು ಜಜ್ಜಿದವು. ಪುಲ್ಲಿಯ ಗಾರ್ಡ್ ಬಿಚ್ಚಿಟ್ಟಿತ್ತು.’ ‘ಗಮನವಿಲ್ಲದೆ ಕೈ ಹಾಕಿದರು’ ಎಂದು ಇಲ್ಲೇ ಸೇರಿಸಿದರೆ ತನಿಖೆ ಶುರುವಾಗುವ ಮೊದಲೇ ತೀರ್ಪು ಕೊಟ್ಟಂತಾಯಿತು.

ಮೊದಲು ಮೀನಿನ ಮುಳ್ಳು

ಜಪಾನಿನ ಗುಣಮಟ್ಟ ತಜ್ಞ ಕವೊರು ಇಶಿಕಾವ ಕಾರಣ ಹುಡುಕಲು ಬಳಕೆಗೆ ತಂದ ಚಿತ್ರ ಇದು. ದೊಡ್ಡ ಹಾಳೆಯ ಬಲಗಡೆ, ಮೀನಿನ ತಲೆಯ ಜಾಗದಲ್ಲಿ, ಘಟನೆ ಬರೆಯಿರಿ. ಬೆನ್ನೆಲುಬಿನ ಗೆರೆ ಎಳೆದು ಆರು ಮುಳ್ಳು ಹಾಕಿ: ಜನ, ಯಂತ್ರ, ಕೆಲಸದ ವಿಧಾನ, ಸಾಮಗ್ರಿ, ಅಳತೆ-ತಪಾಸಣೆ, ಸುತ್ತಲಿನ ಪರಿಸರ. ಪ್ರತಿ ಮುಳ್ಳಿಗೂ ಆ ಕಡೆಯಿಂದ ಇರಬಹುದಾದ ಕಾರಣಗಳನ್ನು ಬರೆಯಿರಿ. ಆ ಪಾಳಿಯ ಆಪರೇಟರ್, ಫಿಟ್ಟರ್, ಮೇಂಟೆನೆನ್ಸ್‌ನವರು ಕನ್ವೇಯರ್ ಹತ್ತಿರವೇ ನಿಂತು ತುಂಬಿದರೆ ಒಳ್ಳೆಯದು. ಆಫೀಸಿನಲ್ಲಿ ಕೂತು ತುಂಬಿದ ಚಿತ್ರದಲ್ಲಿ ‘ಜನ’ ಎಂಬ ಮುಳ್ಳೇ ದಪ್ಪವಾಗಿರುತ್ತದೆ.

ಬರೆದದ್ದೆಲ್ಲ ಕಾರಣವಲ್ಲ, ಬರೀ ಅನುಮಾನ. ಒಂದೊಂದಕ್ಕೂ ಸಾಕ್ಷಿ ಹುಡುಕಿ. ‘ಬೆಳಕು ಕಡಿಮೆ ಇತ್ತು’ ಎಂದು ಯಾರೋ ಹೇಳಿದರೆ ಅದೇ ಹೊತ್ತಿಗೆ ಹೋಗಿ ಮೀಟರ್ ಹಿಡಿದು ನೋಡಿ. ಬೆಳಕು ಸಾಕಷ್ಟಿದ್ದರೆ ಅದಕ್ಕೆ ಗೆರೆ ಹೊಡೆಯಿರಿ, ಏಕೆ ಹೊಡೆದಿರಿ ಎಂದೂ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಕೊನೆಗೆ ಮೂರು ಉಳಿದವು ಎನ್ನೋಣ: ಗಾರ್ಡ್ ಇರಲಿಲ್ಲ, ಬೆಲ್ಟ್ ನಿಲ್ಲಿಸಲಿಲ್ಲ, ಪುಲ್ಲಿಗೆ ಬಗಾಸ್ ಮೆತ್ತಿಕೊಂಡಿತ್ತು.

ಆಮೇಲೆ ‘ಏಕೆ?’

ಸಿಕ್ಕ ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ?’ ಎಂದು ಕೇಳುತ್ತಾ ಹೋಗುವ ‘ಐದು ಏಕೆ’ ಟೊಯೋಟಾದಲ್ಲಿ ಬೆಳೆದ ಪದ್ಧತಿ. ಐದೇ ಸಲ ಕೇಳಬೇಕೆಂಬ ಲೆಕ್ಕವೇನಿಲ್ಲ. ನಾಲ್ಕಕ್ಕೂ ಮುಗಿಯಬಹುದು, ಏಳಕ್ಕೂ ಹೋಗಬಹುದು. ಉಳಿದ ಮೂರಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಎಲ್ಲವನ್ನೂ ಒಂದೇ ಸರಪಳಿಗೆ ಸೇರಿಸಲು ಹೋದರೆ ಎರಡು ಕಾರಣ ಸುಮ್ನೆ ಕಳೆದುಹೋಗುತ್ತವೆ.

ಗಾರ್ಡ್ ಏಕೆ ಇರಲಿಲ್ಲ? ಪುಲ್ಲಿ ಕ್ಲೀನ್ ಮಾಡಲು ಬಿಚ್ಚಿದ್ದರು. ಏಕೆ ಬಿಚ್ಚಬೇಕಾಯಿತು? ಅದು ಮುಚ್ಚಿದ ಶೀಟಿನದು, ಒಳಗೆ ಬಗಾಸ್ ತುಂಬಿದರೆ ತೆಗೆಯಲು ಬೇರೆ ದಾರಿಯಿಲ್ಲ. ಹಾಗೇಕೆ ಮಾಡಿಸಿದರು? ಹಂಗಾಮಿಗೆ ಮುಂಚೆ ಹೊಸದಾಗಿ ಮಾಡಿಸುವಾಗ ಅಲ್ಲಿ ಕ್ಲೀನ್ ಮಾಡುವವರನ್ನು ಯಾರೂ ಕೇಳಲಿಲ್ಲ. ಏಕೆ ಕೇಳಲಿಲ್ಲ? ಯಂತ್ರದಲ್ಲಿ ಏನಾದರೂ ಬದಲಿಸಿದಾಗ ಬಳಸುವವರ ಜೊತೆ ಕೂತು ಪರಿಶೀಲಿಸಬೇಕೆಂಬ ನಿಯಮವೇ ಇಲ್ಲ. ಇಲ್ಲಿ ನಿಲ್ಲಿಸಬಹುದು, ಏಕೆಂದರೆ ಇದು ಕಾರ್ಖಾನೆ ತಾನೇ ಸರಿಪಡಿಸಬಹುದಾದ ವಿಷಯ.

ಬಗಾಸ್ ಏಕೆ ಮೆತ್ತಿತು? ಟೇಲ್ ಪುಲ್ಲಿಗೆ ಮುಂಚೆ ಬೆಲ್ಟಿನ ಒಳಮೈ ಒರೆಸುವ ಸ್ಕ್ರೇಪರಿನ ರಬ್ಬರ್ ಸವೆದಿತ್ತು. ಏಕೆ ಬದಲಿಸಲಿಲ್ಲ? ಮೇಂಟೆನೆನ್ಸ್ ಪಟ್ಟಿಯಲ್ಲಿ ಆ ಸ್ಕ್ರೇಪರಿನ ಹೆಸರೇ ಇಲ್ಲ. ಏಕೆ? ಅದನ್ನು ಆಮೇಲೆ ಜೋಡಿಸಿದ್ದು, ಪಟ್ಟಿ ಹಳೆಯದು. ನೋಡಿ, ಬೇರೆ ದಾರಿಯಲ್ಲಿ ಹೊರಟರೂ ಅದೇ ಜಾಗಕ್ಕೆ ಬಂದೆವು ಅಲ್ವಾ? ಬದಲಾವಣೆ ಆದಾಗ ಯಾರೂ ಪರಿಶೀಲಿಸುತ್ತಿಲ್ಲ.

ಬೆಲ್ಟ್ ಏಕೆ ನಿಲ್ಲಿಸಲಿಲ್ಲ ಎಂಬುದು ಬೇರೆಯೇ ಕಡೆ ಹೋಗುತ್ತದೆ. ಬೆಲ್ಟ್ ನಿಂತರೆ ಬಾಯ್ಲರಿಗೆ ಬಗಾಸ್ ಸಿಗದೆ ಸ್ಟೀಮ್ ಇಳಿಯುತ್ತದೆ, ಮಿಲ್ಲಿಗೇ ತೊಂದರೆ. ನಿಲ್ಲಿಸುವ ಅಧಿಕಾರ ಕ್ಲೀನ್ ಮಾಡುವವರಿಗೆ ಇದೆಯೇ ಎಂಬುದು ಎಲ್ಲೂ ಬರೆದಿಲ್ಲ. ಇದು ಎರಡನೇ ಮೂಲ ಕಾರಣ. ಎರಡಿದ್ದರೆ ಎರಡನ್ನೂ ಬರೆಯಿರಿ.

ಕೆಳಗಿನಿಂದ ಮೇಲೆ ಓದಿ

ಬರೆದದ್ದನ್ನು ಕೊನೆಯಿಂದ ‘ಆದ್ದರಿಂದ’ ಸೇರಿಸುತ್ತಾ ಓದಿ. ‘ಪಟ್ಟಿಯಲ್ಲಿ ಸ್ಕ್ರೇಪರ್ ಇರಲಿಲ್ಲ, ಆದ್ದರಿಂದ ರಬ್ಬರ್ ಬದಲಿಸಲಿಲ್ಲ, ಆದ್ದರಿಂದ ಬಗಾಸ್ ಮೆತ್ತಿತು.’ ಸರಿಯಾಗಿದೆ. ‘ತರಬೇತಿ ಕಡಿಮೆ, ಆದ್ದರಿಂದ ಗಾರ್ಡ್ ಮುಚ್ಚಿದ ಶೀಟಿನದಾಯಿತು’ ಎಂದರೆ ಎಲ್ಲೋ ಕೊಂಡಿ ತಪ್ಪಿದೆ. ಅಲ್ಲಿಂದ ಮತ್ತೆ ಕೇಳಿ.

ವರದಿಗೆ ಹೋಗುವ ಮಾತು ಇಷ್ಟೇ ಸಾಕು: ‘ಯಂತ್ರದಲ್ಲಿ ಬದಲಾವಣೆ ಮಾಡಿದಾಗ ಸುರಕ್ಷತೆ ಮತ್ತು ಮೇಂಟೆನೆನ್ಸ್ ಪರಿಶೀಲನೆ ನಡೆಯುವ ವ್ಯವಸ್ಥೆ ಇರಲಿಲ್ಲ. ಕ್ಲೀನಿಂಗಿಗೆ ಬೆಲ್ಟ್ ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದು ಲಿಖಿತವಾಗಿರಲಿಲ್ಲ.’ ಪ್ರತಿ ವಾಕ್ಯದ ಪಕ್ಕ ಸಾಕ್ಷಿ ಹಾಕಿ: ಗಾರ್ಡಿನ ಫೋಟೋ, ಸವೆದ ರಬ್ಬರಿನ ಅಳತೆ, ಮೇಂಟೆನೆನ್ಸ್ ಪಟ್ಟಿಯ ಪ್ರತಿ, ಆಪರೇಟರ್ ಹೇಳಿಕೆ. ಸಾಕ್ಷಿ ಸಿಗದ ಕೊಂಡಿಯನ್ನು ‘ಖಚಿತವಾಗಿಲ್ಲ’ ಎಂದೇ ಬಿಡಿ. ಪರಿಹಾರದ ಕಾಲಂನಲ್ಲಿ ಕ್ಲೀನ್ ಮಾಡಲು ಜಾಗವಿರುವ ಜಾಲರಿ ಗಾರ್ಡ್, ಪಟ್ಟಿಗೆ ಸ್ಕ್ರೇಪರ್, ಮೋಟಾರಿನ ಸ್ವಿಚ್ ಆಫ್ ಮಾಡಿ ಬೀಗ ಹಾಕಿದ ಮೇಲಷ್ಟೇ ಕ್ಲೀನಿಂಗ್ ಎಂಬ ಲಿಖಿತ ನಿಯಮ ಬರಲಿ. ಪ್ರತಿಯೊಂದಕ್ಕೂ ಜವಾಬ್ದಾರರ ಹುದ್ದೆ, ತಾರೀಖು, ಮುಗಿದದ್ದನ್ನು ಯಾರು ಹೋಗಿ ನೋಡುತ್ತಾರೆ ಎಂಬುದನ್ನೂ ಬರೆಯಿರಿ.