ಸೊನ್ನೆಗಳ ಕಾಲಂ ನೋಡದೆ ಅಗ್ಗ ಅಂದುಕೊಂಡ ಷೇರು

ಆ ಷೇರಿನ ಬೆಲೆ ಆಗ 400 ರೂಪಾಯಿ. ಸಣ್ಣ ಕಂಪನಿ, ಹೆಸರು ಬೇಡ. ಲಾಭದ ಅಂದಾಜು ಹಾಕಿ ನೋಡಿದಾಗ ವರ್ಷದ ಕೊನೆಗೆ 440ಕ್ಕೆ ಹೋಗಬಹುದು, 8 ರೂಪಾಯಿ ಡಿವಿಡೆಂಡ್ ಬರಬಹುದು ಅನ್ನಿಸಿತು. ಅಂದರೆ 400ಕ್ಕೆ 48, ಶೇ. 12 ಗಳಿಕೆ. ಇದು ಒಳ್ಳೆಯ ಗಳಿಕೆಯೋ ಅಲ್ಲವೋ ಎಂದು ತೂಗಲು ನಾನು ಬಳಸುವುದು ಸೆಕ್ಯುರಿಟಿ ಮಾರ್ಕೆಟ್ ಲೈನ್. ಮಾರುಕಟ್ಟೆ ಶೇ. 1 ಕದಲಿದರೆ ಷೇರು ಸರಾಸರಿ ಶೇ. ಎಷ್ಟು ಕದಲುತ್ತದೆ ಅನ್ನುವುದೇ ಬೀಟಾ. ಅಪಾಯವಿಲ್ಲದ ಬಡ್ಡಿಗೆ, ಆ ಷೇರಿನ ಬೀಟಾದಷ್ಟು ಪಟ್ಟು ಮಾರುಕಟ್ಟೆಯ ಹೆಚ್ಚುವರಿ ಗಳಿಕೆಯನ್ನು ಸೇರಿಸಿದರೆ, ಆ ಮಟ್ಟದ ಅಪಾಯಕ್ಕೆ ನಾನು ಕೇಳಬೇಕಾದ ಗಳಿಕೆ ಸಿಗುತ್ತದೆ. ನನ್ನ ಅಂದಾಜು ಆ ಗೆರೆಗಿಂತ ಮೇಲಿದ್ದರೆ ಷೇರು ಅಗ್ಗ, ಕೆಳಗಿದ್ದರೆ ದುಬಾರಿ.

ಹತ್ತು ವರ್ಷದ ಸರ್ಕಾರಿ ಬಾಂಡಿನ ಲೆಕ್ಕದಲ್ಲಿ ಬಡ್ಡಿ ಶೇ. 7 ಅಂತ ಇಟ್ಟೆ. ನಿಫ್ಟಿ ಅದಕ್ಕಿಂತ 6 ಹೆಚ್ಚು ಕೊಡುತ್ತದೆ ಅನ್ನುವುದು ನನ್ನ ಊಹೆ. ಒಂದು ವರ್ಷದ ದಿನವಹಿ ಬೆಲೆಗಳಿಂದ ಬೀಟಾ ತೆಗೆದೆ, 0.55 ಬಂತು. 7ಕ್ಕೆ 3.3 ಸೇರಿಸಿದರೆ 10.3. ನನ್ನ ಅಂದಾಜು 12. ಗೆರೆಗಿಂತ 1.7 ಮೇಲೆ! ಕೊಳ್ಳಲೇಬೇಕು ಅಂದುಕೊಂಡೆ.

ಸಂಜೆ ಭಾವನಿಗೆ ಶೀಟು ತೋರಿಸಿದೆ. ಅವರು ಬೀಟಾ ನೋಡಲೇ ಇಲ್ಲ, ಷೇರಿನ ದಿನದ ಏರಿಳಿತದ ಕಾಲಂ ಕೆಳಕ್ಕೆ ಎಳೆಯುತ್ತಾ ಹೋದರು.

"ಇದೇನೋ, ಇಷ್ಟೊಂದು ಸೊನ್ನೆ? ದಿನಾ ಟ್ರೇಡ್ ಆಗುತ್ತೇನೋ ಇದು?"

ಆಗುತ್ತಿರಲಿಲ್ಲ. ಒಂದು ಸೋಮವಾರ ನಿಫ್ಟಿ ಶೇ. 2 ಬಿದ್ದಿತ್ತು, ನನ್ನ ಷೇರಿನ ಎದುರು ಸೊನ್ನೆ. ಬುಧವಾರ ನಿಫ್ಟಿ ಕದಲಿಲ್ಲ, ಷೇರು ಶೇ. 3 ಬಿದ್ದಿತ್ತು. ಬಿದ್ದಿದ್ದು ಅದೇ ಕಾರಣಕ್ಕೆ; ಕೊಳ್ಳುವವರು ಮಾರುವವರು ಕೂಡಿದ್ದೇ ಬುಧವಾರ, ಅಷ್ಟೆ. ಆದರೆ ಬೀಟಾ ತೆಗೆಯುವ ಎಕ್ಸೆಲ್ ಸೂತ್ರ SLOPE ಅದೇ ದಿನದ ಎರಡು ಅಂಕಿಗಳನ್ನು ಜೋಡಿ ಮಾಡುತ್ತದೆ. ಸೋಮವಾರದ್ದಕ್ಕೆ ಬುಧವಾರದ್ದು ಸಂಬಂಧ ಅಂತ ಅದಕ್ಕೆ ಹೊಳೆಯುವುದಿಲ್ಲ. ಹಾಗಾಗಿ ವಹಿವಾಟು ಕಡಿಮೆಯಿರುವ ಷೇರಿನ ಬೀಟಾ ಸುಳ್ಳೇ ಸಣ್ಣದಾಗುತ್ತದೆ, ಕೇಳಬೇಕಾದ ಗಳಿಕೆ ಇಳಿಯುತ್ತದೆ, ಷೇರು ಅಗ್ಗ ಕಾಣುತ್ತದೆ.

ಐದು ವರ್ಷದ ತಿಂಗಳ ಗಳಿಕೆ ಹಾಕಿಕೊಂಡು ಮತ್ತೆ ಕೂತೆ. ಎರಡು ಮೂರು ದಿನದ ತಡ ತಿಂಗಳ ಲೆಕ್ಕದಲ್ಲಿ ಬಹುಪಾಲು ಕರಗಿಹೋಗುತ್ತದೆ. B ಕಾಲಂನಲ್ಲಿ ನಿಫ್ಟಿ, C ಕಾಲಂನಲ್ಲಿ ಷೇರು:

```
=SLOPE(C2:C61,B2:B61)
=INDEX(LINEST(C2:C61,B2:B61,TRUE,TRUE),2,1)
```

SLOPEನಲ್ಲಿ ಮೊದಲು ಷೇರು, ಆಮೇಲೆ ನಿಫ್ಟಿ. ಅದಲುಬದಲಾದರೂ ಎಕ್ಸೆಲ್ ಚಕಾರ ಎತ್ತದೆ ಒಂದು ಅಂಕಿ ಕೊಟ್ಟುಬಿಡುತ್ತದೆ. ನಾನೇ ಒಮ್ಮೆ ಮೋಸಹೋಗಿದ್ದೇನೆ.

ಈ ಸಲ ಬೀಟಾ 1.1. ಕೇಳಬೇಕಾದ ಗಳಿಕೆ 13.6. ನನ್ನ 12 ಈಗ ಗೆರೆಯ ಕೆಳಗೆ. ಷೇರು ಅದೇ, ಬೆಲೆ ಅದೇ, ತೀರ್ಪು ಮಾತ್ರ ತಿರುಗಿತ್ತು. ಹಾಗಂತ ದುಬಾರಿ ಅಂತ ಬರೆದಿಡಲೂ ಕೈ ಬರಲಿಲ್ಲ. ಎರಡನೇ ಸೂತ್ರ ಕೊಡುವುದು ಬೀಟಾದ ದೋಷದ ಅಳತೆ. ಅದು 0.25 ಇತ್ತು. ಆಚೀಚೆ ಅದರ ಎರಡರಷ್ಟು ಬಿಟ್ಟರೆ ಬೀಟಾ 0.6ರಿಂದ 1.6ರವರೆಗೆ ಎಲ್ಲಾದರೂ ಇರಬಹುದು; ಕೇಳಬೇಕಾದ ಗಳಿಕೆ 10.6ರಿಂದ 16.6. ನಾನು ಎಳೆದದ್ದು ಗೆರೆಯಲ್ಲ, ರಸ್ತೆಯಷ್ಟು ಅಗಲದ ಪಟ್ಟಿ. ನನ್ನ 12 ಅದರೊಳಗೇ ಬಿದ್ದಿತ್ತು. ಇದರ ಮೇಲೆ ಆ 440 ಅನ್ನುವುದೂ ನನ್ನದೇ ಊಹೆ: ಅದು ಹತ್ತು ರೂಪಾಯಿ ಆಚೀಚೆಯಾದರೆ ಗಳಿಕೆ ಎರಡೂವರೆ ಪರ್ಸೆಂಟ್ ಓಲಾಡುತ್ತದೆ.

ಆವತ್ತಿನಿಂದ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತೇನೆ: ಬೀಟಾ 1.6 ಆಗಿದ್ದರೂ ಗೆರೆಯ ಮೇಲೆ ನಿಲ್ಲಬೇಕಾದರೆ ಬೆಲೆ ಎಷ್ಟಿರಬೇಕು? 448ನ್ನು 1.166ರಿಂದ ಭಾಗಿಸಿದರೆ ಸುಮಾರು 384. ಷೇರು ಆ ಬೆಲೆಗೆ ಇಳಿದಾಗ ತಾನಾಗಿ ಕೊಳ್ಳುವಂತೆ ಜಿಟಿಟಿ ಆರ್ಡರ್ ಹಾಕಿ ಸುಮ್ಮನಾದೆ.

ಎರಡು ತಿಂಗಳಿಗೆ ತ್ರೈಮಾಸಿಕ ಫಲಿತಾಂಶ ಬಂತು, ಚೆನ್ನಾಗಿರಲಿಲ್ಲ. ಮಾರನೇ ದಿನ ಷೇರು 390ಕ್ಕೆ ಇಳಿದಿತ್ತು. ಇನ್ನು ಆರು ರೂಪಾಯಿ ಬಿದ್ದರೆ ನನ್ನದು ಅಂತ ಒಂದು ಕ್ಷಣ ಖುಷಿಯೂ ಆಯಿತು. ಆದರೆ ಬೆಲೆ ಬಿದ್ದದ್ದೇ ಲಾಭ ಕುಸಿದದ್ದಕ್ಕೆ; ಹಳೆಯ 440 ಹಿಡಿದು ಕೂತರೆ ಹೇಗೆ? ಅಂದಾಜು ಹೊಸದಾಗಿ ಹಾಕಿದೆ, 410 ಬಂತು. ಡಿವಿಡೆಂಡ್ ಸೇರಿ 418. ಅದನ್ನು 384ಕ್ಕೇ ಕೊಂಡರೂ ಗಳಿಕೆ ಶೇ. 8.9, ಪಟ್ಟಿಯ ಕೆಳಗಿನ ಅಂಚಾದ 10.6ಕ್ಕೂ ಕಡಿಮೆ. ಬೆಲೆ ಇಳಿದ ಮೇಲೆಯೇ ಮೊದಲ ಬಾರಿಗೆ ಅನುಮಾನವಿಲ್ಲದೆ ದುಬಾರಿ ಅನ್ನಬಹುದಿತ್ತು. ಆರ್ಡರ್ ಕ್ಯಾನ್ಸಲ್ ಮಾಡಿದೆ.